ಮೂರು ವಿಸಿಲ್ ಎಂದರೆ ಎಷ್ಟು ಹೊತ್ತು?

ಓದುಗರ ಪ್ರಶ್ನೆ: ಬರೆದಿರುವಂತೆಯೇ ಮಾಡಿದರೂ ಕೆಲವು ಅಡುಗೆಗಳು ಕೆಡುತ್ತವೆ. ವಿಧಾನದಲ್ಲಿ ಅಳತೆ ಬಿಟ್ಟುಹೋಗಿದೆಯೇ, ಹಂತಗಳು ಹಿಂದುಮುಂದಾಗಿವೆಯೇ ಎಂಬುದನ್ನು ಒಲೆ ಹಚ್ಚುವ ಮೊದಲೇ ಕಂಡುಹಿಡಿಯುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ಹಿಂದೆ ಹಲವು ಸಲ ಉತ್ತರಿಸಿದ್ದೇನೆ. ಆದರೂ ಅದು ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಬಾರಿ ಓದುಗರೊಬ್ಬರು ಕಳುಹಿಸಿದ ಬಿಸಿಬೇಳೆಬಾತ್ ವಿಧಾನವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ. ಅವರ ಸಾಮಗ್ರಿ ಪಟ್ಟಿ ಹೀಗಿದೆ: ಅಕ್ಕಿ 1 ಕಪ್, ತೊಗರಿಬೇಳೆ 1 ಕಪ್, ಹೆಚ್ಚಿದ ತರಕಾರಿ 2 ಕಪ್, ನಿಂಬೆ ಗಾತ್ರದ ಹುಣಸೆಹಣ್ಣು, ಬಿಸಿಬೇಳೆಬಾತ್ ಪುಡಿ, ಸ್ವಲ್ಪ ಬೆಲ್ಲ, ತುಪ್ಪ, ಸಾಸಿವೆ, ಕರಿಬೇವು, ಗೋಡಂಬಿ. ಮಾಡುವ ಕ್ರಮ ಹೀಗಿದೆ: "ಅಕ್ಕಿ, ಬೇಳೆ, ತರಕಾರಿ, ಹುಣಸೆರಸ, ಪುಡಿ, ಉಪ್ಪು ಎಲ್ಲವನ್ನೂ ಕುಕ್ಕರಿಗೆ ಹಾಕಿ ಮೂರು ವಿಸಿಲ್ ಕೂಗಿಸಿ. ಬೆಲ್ಲ ಹಾಕಿ ಸ್ವಲ್ಪ ಹೊತ್ತು ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಬಡಿಸುವಾಗ ಮೇಲೆ ತುಪ್ಪ ಹಾಕಿ."

ಮೊದಲು ಪೆನ್ಸಿಲ್ ಹಿಡಿದು, ಕ್ರಮವನ್ನು ಓದುತ್ತಾ ಅಲ್ಲಿ ಬಂದ ಪ್ರತಿಯೊಂದು ಪದಾರ್ಥಕ್ಕೂ ಪಟ್ಟಿಯಲ್ಲಿ ಗುರುತು ಹಾಕಿ. ಪಟ್ಟಿಯಲ್ಲಿದ್ದೂ ಗುರುತು ಬೀಳದೆ ಉಳಿದದ್ದು ಗೋಡಂಬಿ, ಅಂದರೆ ಅದನ್ನು ಹುರಿಯುವ ಹಂತವೇ ಬಿಟ್ಟುಹೋಗಿದೆ. ಕ್ರಮದಲ್ಲಿದ್ದೂ ಪಟ್ಟಿಯಲ್ಲಿಲ್ಲದವು ಉಪ್ಪು ಮತ್ತು ಇಂಗು. ತುಪ್ಪ ಎರಡು ಕಡೆ ಬರುವುದರಿಂದ ಒಗ್ಗರಣೆಗೆಷ್ಟು, ಮೇಲೆ ಹಾಕುವುದಕ್ಕೆಷ್ಟು ಎಂದು ಬೇರೆ ಬೇರೆಯಾಗಿ ಹೇಳಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಲೋಪವೆಂದರೆ ನೀರು: ಅದು ಪಟ್ಟಿಯಲ್ಲೂ ಇಲ್ಲ, ಕ್ರಮದಲ್ಲೂ ಇಲ್ಲ. ನನ್ನ ಕೈಗೆ ಬರುವ ವಿಧಾನಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ನೀರೇ, ಏಕೆಂದರೆ ಅದನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಈ ಅಳತೆಯ ಅಕ್ಕಿ ಬೇಳೆಗೆ ಬೇಯಲು ಸುಮಾರು 6 ಕಪ್ ನೀರು ಬೇಕು, ಕೊನೆಯಲ್ಲಿ ಹದಕ್ಕೆ ತರಲು ಇನ್ನೊಂದೆರಡು ಕಪ್ ಬಿಸಿನೀರು ಬೇಕು.

ಕಪ್ ಎಂದರೆ ಯಾವ ಕಪ್ ಎಂದು ಕೇಳುವವರಿದ್ದಾರೆ. ಅಕ್ಕಿ, ಬೇಳೆ, ನೀರು ಮೂರನ್ನೂ ಒಂದೇ ಲೋಟದಲ್ಲಿ ಅಳೆದರೆ ಲೋಟ ಯಾವುದಾದರೂ ಪ್ರಮಾಣ ಕೆಡುವುದಿಲ್ಲ. ಕೆಡುವುದು ಲೋಟದಲ್ಲಿ ಅಳೆಯದ ಪದಾರ್ಥಗಳಿಂದ. ಲೋಟ ದೊಡ್ಡದಾದರೂ "ನಿಂಬೆ ಗಾತ್ರ" ಅಷ್ಟೇ ಇರುತ್ತದೆ, ಹಾಗಾಗಿ ಹುಳಿ ಸಾಲದೆ ಹೋಗುತ್ತದೆ. ಆದ್ದರಿಂದ ಲೋಟಕ್ಕೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂಬುದನ್ನು ಒಂದು ಸಲ ಬರೆದು, ಹುಣಸೆಯನ್ನು ಗ್ರಾಮಿನಲ್ಲಿ ಹೇಳುವುದು ಒಳ್ಳೆಯದು. 200 ಮಿಲಿಲೀಟರ್ ಲೋಟದ ಲೆಕ್ಕಕ್ಕೆ ಸುಮಾರು 25 ಗ್ರಾಂ ಸಾಕು.

ಇನ್ನು ಕ್ರಮ. ಪ್ರತಿ ಹಂತವನ್ನು ಓದುವಾಗಲೂ, ಇದು ಆಗಬೇಕಾದರೆ ಇದಕ್ಕೆ ಮೊದಲು ಏನು ಮುಗಿದಿರಬೇಕು ಎಂದು ಕೇಳಿಕೊಳ್ಳಬೇಕು. ಹುಣಸೆರಸ ಹಾಕಬೇಕಾದರೆ ಹುಣಸೆ ನೆನೆದಿರಬೇಕು, ಆದರೆ ನೆನೆಸುವ ಮಾತು ಇಲ್ಲಿ ಎಲ್ಲಿಯೂ ಇಲ್ಲ. ಅದಕ್ಕಿಂತ ಗಂಭೀರವಾದದ್ದು, ಬೇಳೆ ಬೇಯುವ ಮೊದಲೇ ಹುಳಿ ಬಿದ್ದಿರುವುದು. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅಕ್ಕಿ ಬೆಂದು ಮುದ್ದೆಯಾದರೂ ಬೇಳೆ ಮಾತ್ರ ಕಾಳುಕಾಳಾಗಿ ಉಳಿಯುತ್ತದೆ. ಈ ಓದುಗರ ದೂರೂ ಅದೇ ಆಗಿತ್ತು, ಅವರು ದೂರಿದ್ದು ಮಾತ್ರ ಅಂಗಡಿಯ ಬೇಳೆಯನ್ನು. ಅಕ್ಕಿ, ಬೇಳೆ, ನೀರನ್ನು ಮೊದಲು ಬೇಯಿಸಿಕೊಂಡು, ಹುಣಸೆರಸ, ಪುಡಿ, ಉಪ್ಪು, ಬೆಲ್ಲಗಳನ್ನು ತರಕಾರಿಯೊಂದಿಗೆ ಬೇರೆ ಪಾತ್ರೆಯಲ್ಲಿ ಕುದಿಸಿ, ಆಮೇಲೆ ಎರಡನ್ನೂ ಕೂಡಿಸಬೇಕು.

ಈಗ ವಿಸಿಲ್‌ಗೆ ಬರೋಣ. ಕುಕ್ಕರಿನ ವಿಸಿಲ್ ಕಾಲದ ಅಳತೆ ಎಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, "ಸ್ವಲ್ಪ ಹೊತ್ತು" ಎಂಬುದನ್ನು ಅಸ್ಪಷ್ಟವೆಂದು ಗುರುತಿಸುವವರೂ "ಮೂರು ವಿಸಿಲ್" ಎಂಬುದನ್ನು ಖಚಿತವೆಂದು ಒಪ್ಪಿಕೊಳ್ಳುತ್ತಾರೆ. ಒಳಗಿನ ಒತ್ತಡ ತೂಕದ ಮಿತಿಯನ್ನು ಮೀರಿದಾಗ ತೂಕ ಮೇಲೆದ್ದು, ಹೆಚ್ಚಾದ ಹಬೆ ಹೊರಹೋಗಿ, ತೂಕ ಮತ್ತೆ ಕೂರುತ್ತದೆ. ವಿಸಿಲ್ ಹೇಳುವುದು ಇಷ್ಟನ್ನೇ, ಅಂದರೆ ಉರಿ ಅಗತ್ಯಕ್ಕಿಂತ ಹೆಚ್ಚಿದೆ ಎಂಬುದನ್ನು. ಉರಿ ಜೋರಾಗಿದ್ದರೆ ಮೂರು ವಿಸಿಲ್ ಬೆನ್ನು ಬೆನ್ನಿಗೆ ಬರುತ್ತವೆ. ಒತ್ತಡ ಉಳಿಯುವಷ್ಟೇ ಸಣ್ಣ ಉರಿಯಿಟ್ಟರೆ ಬಹಳ ಹೊತ್ತು ಒಂದೂ ಬರದಿರಬಹುದು. ಆದರೆ ಎರಡೂ ಸಂದರ್ಭಗಳಲ್ಲಿ ಒಳಗಿನ ಶಾಖ ಹೆಚ್ಚುಕಡಿಮೆ ಒಂದೇ, ಸುಮಾರು 120 ಡಿಗ್ರಿ ಸೆಲ್ಸಿಯಸ್. ಬೇಳೆ ಬೇಯುವುದು ಆ ಶಾಖದಲ್ಲಿ ಎಷ್ಟು ನಿಮಿಷ ಇತ್ತು ಎಂಬುದರಿಂದ, ತೂಕ ಎಷ್ಟು ಸಲ ಎದ್ದಿತು ಎಂಬುದರಿಂದಲ್ಲ. ಗ್ಯಾಸ್ಕೆಟ್ ಸಡಿಲವಾಗಿದ್ದರಂತೂ ಹಬೆ ಅಂಚಿನಿಂದಲೇ ಸೋರಿಹೋಗಿ, ಮೊದಲ ವಿಸಿಲ್ಲೇ ಬಾರದೆ ನೀರು ಬತ್ತಬಹುದು.

"ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಮೂರು ವಿಸಿಲ್‌ಗೇ ಬೇಯುತ್ತಿದೆಯಲ್ಲ" ಎಂಬ ಮಾತು ಖಂಡಿತ ಬರುತ್ತದೆ. ಅದು ನಿಜವೇ. ಅದೇ ಕುಕ್ಕರು, ಅದೇ ಒಲೆ, ಅಷ್ಟೇ ಬೇಳೆ, ಅಷ್ಟೇ ಉರಿ ಇರುವ ಆ ಮನೆಯಲ್ಲಿ ಮೂರು ವಿಸಿಲ್ ಎಂದರೆ ಒಂದು ನಿರ್ದಿಷ್ಟ ಹೊತ್ತು. ಬರೆದ ಕೂಡಲೇ ವಿಧಾನ ಆ ಮನೆಯಿಂದ ಹೊರಡುತ್ತದೆ, ಕುಕ್ಕರು ಒಲೆಗಳು ಅಲ್ಲಿಯೇ ಉಳಿಯುತ್ತವೆ. ವಿದೇಶದಲ್ಲಿದ್ದು ವಿದ್ಯುತ್ ಕುಕ್ಕರ್ ಬಳಸುವ ಕನ್ನಡಿಗರಿಗೆ ಎಣಿಸಲು ವಿಸಿಲ್ಲೇ ಇರುವುದಿಲ್ಲ, ಅವರಿಗೆ ಬೇಕಾದದ್ದು ನಿಮಿಷಗಳು.

ಆದ್ದರಿಂದ ವಿಸಿಲ್ ಸಂಖ್ಯೆ ಕಂಡಲ್ಲೆಲ್ಲ ಅದನ್ನು ಹೀಗೆ ತಿದ್ದಿಕೊಳ್ಳಿ: "ಜೋರು ಉರಿಯಲ್ಲಿ ಮೊದಲ ವಿಸಿಲ್ ಬಂದ ಮೇಲೆ ಉರಿ ಸಣ್ಣ ಮಾಡಿ 10 ನಿಮಿಷ ಇಡಿ. ಒಲೆ ಆರಿಸಿ ಒತ್ತಡ ತಾನಾಗಿ ಇಳಿಯುವವರೆಗೆ ಬಿಡಿ. ಬೇಳೆಯನ್ನು ಬೆರಳಿನಲ್ಲಿ ಹಿಸುಕಿದರೆ ನಡುವೆ ಗಟ್ಟಿ ತುಣುಕು ಸಿಗಬಾರದು." ಒಲೆ ಆರಿಸಿದ ಮೇಲೂ ಒಳಗೆ ಬೇಯುವುದು ಮುಂದುವರಿಯುತ್ತದೆ, ಆದ್ದರಿಂದ ಎರಡನೆಯ ವಾಕ್ಯವನ್ನು ಬಿಟ್ಟರೆ ಒಂದು ಹಂತವನ್ನೇ ಬಿಟ್ಟಂತೆ. ಮೂರನೆಯ ವಾಕ್ಯವೂ ಬೇಕೇ ಬೇಕು. ಹಳೆಯ ಬೇಳೆಗೂ ಗಡಸು ನೀರಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ, ಆಗ ನಿಮಿಷದ ಲೆಕ್ಕ ತಪ್ಪಿದರೂ ಬೆರಳಿಗೆ ಸಿಗುವ ಗುರುತು ತಪ್ಪುವುದಿಲ್ಲ. "ಸ್ವಲ್ಪ ಹೊತ್ತು ಕುದಿಸಿ" ಎಂಬುದಕ್ಕೂ ಇಂಥದೇ ಗುರುತು ಬೇಕು. ಹುಣಸೆರಸದ ಹಸಿ ವಾಸನೆ ಹೋಗುವವರೆಗೆ ಎಂದು ಬರೆದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಅವರು ಕೇಳದಿದ್ದ ಒಂದು ಮಾತನ್ನೂ ಸೇರಿಸುತ್ತೇನೆ. ಮನೆಗೆ ನೆಂಟರು ಬಂದಾಗ ಅಳತೆಯನ್ನು ಎರಡು ಪಟ್ಟು ಮಾಡಿ, ವಿಸಿಲ್‌ಗಳನ್ನೂ ಆರಕ್ಕೆ ಏರಿಸುವುದುಂಟು. ಬೇಳೆಯ ಕಾಳು ದೊಡ್ಡದಾಗಿಲ್ಲ, ಆದ್ದರಿಂದ ಒತ್ತಡದಲ್ಲಿ ಬೇಯುವ ಹೊತ್ತು ಆ 10 ನಿಮಿಷವೇ. ಹೆಚ್ಚಾಗುವುದು ಮೊದಲ ವಿಸಿಲ್ ಬರಲು ಹಿಡಿಯುವ ಹೊತ್ತು. ನೊರೆ ಬರುವ ಅಕ್ಕಿ ಬೇಳೆಗಳನ್ನು ನೀರೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದು ಎಂಬ ಸೂಚನೆ ಕುಕ್ಕರಿನ ಕೈಪಿಡಿಯಲ್ಲಿರುತ್ತದೆ. 200 ಮಿಲಿಲೀಟರ್ ಲೋಟದಲ್ಲಿ ಮೇಲಿನ ಅಳತೆ 5 ಲೀಟರ್ ಕುಕ್ಕರಿನ ಅರ್ಧದೊಳಗೆ ಸರಿಯಾಗಿ ಹಿಡಿಯುತ್ತದೆ, ಎರಡು ಪಟ್ಟು ಹಿಡಿಯುವುದಿಲ್ಲ. ಎರಡು ಸರದಿಯಲ್ಲಿ ಬೇಯಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ಕೂಡಿಸಿ ಕುದಿಸಿರಿ. ಪುಡಿ ಮತ್ತು ಉಪ್ಪನ್ನು ಮೊದಲು ಒಂದೂವರೆ ಪಟ್ಟು ಹಾಕಿ, ರುಚಿ ನೋಡಿ, ಉಳಿದದ್ದನ್ನು ಸೇರಿಸಿರಿ.