"ನಾನ್ಯಾರು ಹೇಳಿ" ಅಂತ ಕೇಳುವವರಿಗೆ

ಸ್ಟ್ರೋಕ್ ಆಗಿ, ಮುಖ ನೋಡಿ ಯಾರೆಂದು ಗುರುತು ಹಿಡಿಯಲಾಗದವರ ಹತ್ತಿರ ಬಗ್ಗಿ "ಅಪ್ಪಾ, ನಾನ್ಯಾರು ಹೇಳಿ ನೋಡೋಣ?" ಅಂತ ಜೋರಾಗಿ ಕೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಪ್ರೀತಿಯಿಂದಲೇ ಕೇಳುತ್ತಾರೆ, ಗೊತ್ತು. ಆದರೆ ಬಾಯಿ ಬಿಟ್ಟ ಕೂಡಲೇ ಉತ್ತರವನ್ನೂ ನೀವೇ ಕೊಟ್ಟಹಾಗಾಯಿತಲ್ಲ! ಅವರು ದನಿ ಕೇಳಿ "ನೀನು ನನ್ನ ಮಗಳು" ಅನ್ನುತ್ತಾರೆ, ನೀವು "ನೋಡಿ ಡಾಕ್ಟ್ರೇ, ಗುರುತು ಸಿಗುತ್ತೆ, ಬೇಕಾದಾಗ ಮಾತ್ರ ಮರೀತಾರೆ" ಅನ್ನುತ್ತೀರಿ.

ಹೀಗೇ ಬಂದವರು ಒಬ್ಬ ದಿನಸಿ ಅಂಗಡಿ ಯಜಮಾನರು. ವಯಸ್ಸು ಅರವತ್ತರ ಹತ್ತಿರ. ಕೈಕಾಲು ಬಿದ್ದಿರಲಿಲ್ಲ, ಬಾಯಿ ಸೊಟ್ಟಗಾಗಿರಲಿಲ್ಲ, ಹಾಗಾಗಿ ಲಕ್ವ ಅಂತ ಯಾರಿಗೂ ಹೊಳೆದಿರಲಿಲ್ಲ. ಮದುವೆಮನೆಯಲ್ಲಿ ಸ್ವಂತ ಭಾವಮೈದುನನ ಮುಖ ನೋಡಿಯೂ ಮಾತಾಡಿಸದೆ ಹೋದರಂತೆ. ಜಗಳವೇ ಆಯಿತು. ಆಮೇಲೆ ಕನ್ನಡಕ ಬದಲಿಸಿದರು, ಒಂದಲ್ಲ ಎರಡು ಸಲ. ಕಣ್ಣಿನ ಚಾರ್ಟಿನಲ್ಲಿ ಕೊನೆ ಸಾಲಿನವರೆಗೂ ಓದುತ್ತಿದ್ದ ಮನುಷ್ಯನಿಗೆ ಕನ್ನಡಕ ಏನು ಮಾಡೀತು?

ನಾನು ಮಾಡಿದ್ದು ಇಷ್ಟೇ. ಅವರ ಹೆಂಡತಿ, ಮಗಳು, ನಮ್ಮ ಸಿಸ್ಟರ್, ಮೂವರಿಗೂ ತಲೆಗೆ ಒಂದೇ ಥರದ ಬಿಳಿ ಬಟ್ಟೆ ಕಟ್ಟಿಸಿ, ಬಳೆ, ಕನ್ನಡಕ ತೆಗೆಸಿ, ತುಟಿ ಪಿಟಕ್ಕೆನ್ನದೆ ಸಾಲಾಗಿ ಕೂರಿಸಿದೆ. "ಮಧ್ಯದವರು ಯಾರು ಯಜಮಾನ್ರೇ?" ಅಂದೆ. ಅಲ್ಲಿದ್ದದ್ದು ಹೆಂಡತಿ. "ಹೆಂಗಸು. ಐವತ್ತು ದಾಟಿದೆ. ಅಳು ತಡ್ಕೊಂಡಿರೋ ಹಾಗಿದೆ, ಪಾಪ. ಯಾರೋ ಗೊತ್ತಿಲ್ಲ." ವಯಸ್ಸು ಸರಿ, ಮುಖದ ಭಾವ ಸರಿ, ಆದರೆ ಮೂವತ್ತು ವರ್ಷ ಜೊತೆಗಿದ್ದವಳು ಅಂತ ಗೊತ್ತಾಗಲಿಲ್ಲ. ಅಷ್ಟರಲ್ಲಿ ಆಕೆಗೆ ತಡೆಯದೆ ಕೆಮ್ಮು ಬಂತು. ಬರೀ ಕೆಮ್ಮು. "ಅಯ್ಯೋ, ನೀನಾ! ಹೇಳೋದಲ್ವಾ?" ಅಂದರು.

ಸಮಾಚಾರ ಇರುವುದು ಇಲ್ಲೇ. ಕೆಮ್ಮಿನ ಜೊತೆ ಅವಳ ಹೆಸರು, ತವರು, ಸಕ್ಕರೆ ಕಾಯಿಲೆ ಎಲ್ಲ ನೆನಪಾಯಿತು. ಅಂದರೆ ಅವಳ ಬಗೆಗಿನ ನೆನಪು ಒಳಗೆ ಭದ್ರವಾಗಿದೆ. ಮುಖದಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಕಿತ್ತುಹೋಗಿದೆ. ದನಿಯ ದಾರಿ ಬೇರೆ, ನಡಿಗೆಯ ದಾರಿ ಬೇರೆ, ಅವೆರಡೂ ಚೆನ್ನಾಗಿವೆ. ಬರೀ ಹೆಸರು ಮರೆಯುವುದು ಇನ್ನೊಂದು ತೊಂದರೆ. ಅಂಥವರು "ನಮ್ಮ ಬೀದಿ ಕೊನೆಮನೆಯವನು, ಮಗ ಮಿಲಿಟರೀಲಿ ಇದಾನಲ್ಲ, ಅವನು" ಅನ್ನುತ್ತಾರೆ, ಹೆಸರಷ್ಟೇ ಬರುವುದಿಲ್ಲ. ನಮ್ಮ ಯಜಮಾನರಿಗೆ ಮುಖ ನೋಡಿದರೆ ಮಿಲಿಟರಿಯೂ ಇಲ್ಲ, ಬೀದಿಯೂ ಇಲ್ಲ.

ಇದಕ್ಕೆ ಪ್ರೊಸೊಪಗ್ನೋಸಿಯಾ ಅಂತ ಹೆಸರಿಟ್ಟವರು ಜರ್ಮನಿಯ ಯೋಆಖಿಮ್ ಬೋಡಮರ್, 1947ರಲ್ಲಿ. ಕನ್ನಡದಲ್ಲಿ ಮುಖಗುರುಡು ಅನ್ನೋಣ, ಆದರೆ ಕುರುಡು ಅಂದಕೂಡಲೇ ಜನ ಕಣ್ಣಾಸ್ಪತ್ರೆಗೆ ಓಡುತ್ತಾರೆ, ಅದೇ ಕಷ್ಟ. ಇವರ ಸ್ಕ್ಯಾನಿನಲ್ಲಿ ಏಟು ಬಿದ್ದಿದ್ದು ಬಲಮೆದುಳಿನ ಹಿಂಭಾಗದ ಕೆಳಗೆ, ಫ್ಯೂಸಿಫಾರ್ಮ್ ಅನ್ನುವ ಮಡಿಕೆಯ ಸುತ್ತ. ಎಡಗಡೆ ಮೇಲ್ಭಾಗದ ನೋಟವೂ ಸ್ವಲ್ಪ ಹೋಗಿತ್ತು. ಆ ಜಾಗಕ್ಕೆ ಏಟು ಬಿದ್ದಾಗ ಎರಡೂ ಒಟ್ಟಿಗೆ ಬರುವುದುಂಟು.

ನಾವು ಬಳಸುವ ಬೆಂಟನ್ ಪರೀಕ್ಷೆಯಲ್ಲಿ ಮೇಲೆ ಒಂದು ಮುಖ, ಕೆಳಗೆ ಆರು. ಅದೇ ಮುಖ ಎಲ್ಲಿದೆ ಹುಡುಕಬೇಕು. ಇವರು ಬಹುಪಾಲು ಸರಿಯಾಗೇ ತೋರಿಸಿದರು! ಅಂಕ ಮಾತ್ರ ನೋಡಿದ್ದರೆ "ನಾರ್ಮಲ್" ಅಂತ ಬರೆದು ಕಳಿಸಬೇಕಿತ್ತು. ಆದರೆ ಪಕ್ಕದಲ್ಲಿ ಕೂತು ನೋಡಬೇಕು. ಬೆರಳಿಟ್ಟು, ಒಂದು ಹುಬ್ಬು, ಆಮೇಲೆ ಮೂಗಿನ ಹೊಳ್ಳೆ, ಮತ್ತೆ ಮೇಲಿನ ಚಿತ್ರ, ಮತ್ತೆ ಹುಬ್ಬು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಿಮಗೆ ನನಗೆ ಮುಖ ಒಂದೇ ಏಟಿಗೆ ಇಡಿಯಾಗಿ ಸಿಗುತ್ತದೆ. ಅವರು ಚೂರು ಚೂರು ಜೋಡಿಸಬೇಕು.

ಇದರ ದಾಯಾದಿ ಇನ್ನೊಂದಿದೆ, ವಸ್ತುಗಳ ಗುರುತೇ ಸಿಗದಿರುವುದು. ಬಾಚಣಿಗೆಯ ಚಿತ್ರವನ್ನು ಹಲ್ಲು ಸಮೇತ ನೋಡಿ ಬರೆಯುತ್ತಾರೆ, ಏನಿದು ಅಂದರೆ "ಬೇಲಿ ಇರಬಹುದಾ?" ಅನ್ನುತ್ತಾರೆ. ಕಣ್ಣು ಮುಚ್ಚಿಸಿ ಕೈಗೆ ಕೊಡಿ, ಬಾಚಣಿಗೆ ಅಂತ ತಕ್ಷಣ ಹೇಳುತ್ತಾರೆ. ಅದೇ ಕಥೆ, ಬೇರೆ ದಾರಿ.

ಎಚ್ಚರಿಕೆ ಒಂದು. ಇದು ಇದ್ದಕ್ಕಿದ್ದಂತೆ ಬಂದರೆ ನನ್ನ ಅಂಕಣ ಓದುತ್ತಾ ಕೂರಬೇಡಿ, ಆಗಲೇ ಸ್ಟ್ರೋಕ್ ನೋಡುವ ಆಸ್ಪತ್ರೆಗೆ ಹೋಗಿ. ನಿಧಾನವಾಗಿ ಬರುತ್ತಿದ್ದರೆ ಬೇರೆ ಕಾಯಿಲೆಗಳನ್ನೂ ನೋಡಬೇಕು, ಮನೆಯಲ್ಲೇ ಹೆಸರಿಡಬೇಡಿ. ಹುಟ್ಟಿನಿಂದಲೇ ಹೀಗಿರುವವರೂ ಇದ್ದಾರೆ, ಅವರದು ಬೇರೆ ಮಾತು.

ಗುಣವಾಗುತ್ತಾ ಅಂತ ಕೇಳುತ್ತೀರಿ. ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಸುಧಾರಿಸುವವರಿದ್ದಾರೆ, ಭರವಸೆ ಕೊಡಲಾರೆ. ಇದಕ್ಕೆ ಅಂತ ಮಾತ್ರೆ ಇಲ್ಲ. ಹತ್ತಿರ ಬರುವಾಗ "ನಾನು, ನಿಮ್ಮ ಮಗಳು" ಅಂತ ಸುಮ್ನೆ ಹೇಳಿಬಿಡಿ, ಪರೀಕ್ಷೆ ಬೇಡ. ಆ ಮನೆಯವರಿಗೂ ಇದನ್ನೇ ಹೇಳಿದ್ದೆ. ಯಜಮಾನರು ಈಗ ಮತ್ತೆ ಅಂಗಡಿಯಲ್ಲಿ ಕೂರುತ್ತಾರೆ. ಗಿರಾಕಿ ಬಂದರೆ ಮೊದಲು "ಏನು ಬೇಕಿತ್ತು?" ಅಂತ ಕೇಳಿ ಮಾತಾಡಿಸುತ್ತಾರೆ, ಸಾಲದ ಪುಸ್ತಕ ತೆಗೆಯುವುದು ಆಮೇಲೆ. ಭಾವಮೈದುನ ಮಾತ್ರ ಇನ್ನೂ ಆ ಕಡೆ ಬಂದಿಲ್ಲವಂತೆ.