ಸ್ಲ್ಯಾಬಿನ ಭಾರ ಬೀಮಿಗೆ ಇಳಿಯುವುದು ಎಷ್ಟು?

ಉಡುಪಿಯಲ್ಲಿ ಕಟ್ಟುತ್ತಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಕ್ಕಪಕ್ಕ ಎರಡು ಕೋಣೆಗಳು, ಒಂದೊಂದೂ 3 ಮೀಟರ್ ಅಗಲ, 6.5 ಮೀಟರ್ ಉದ್ದ. ನಡುವೆ ಒಂದು ಬೀಮ್, ಎರಡು ಅಂಚಿನಲ್ಲಿ ಇನ್ನೆರಡು. ಉದ್ದವು ಅಗಲದ ಎರಡು ಪಟ್ಟಿಗಿಂತ ಹೆಚ್ಚಿರುವುದರಿಂದ ಸ್ಲ್ಯಾಬ್ ತನ್ನ ಭಾರವನ್ನು ಬಹುಮಟ್ಟಿಗೆ ಈ ಉದ್ದದ ಬೀಮುಗಳ ಮೇಲೆಯೇ ಹೊರಿಸುತ್ತದೆ. ಮೇಲ್ಮಹಡಿಯ ನೆಲಕ್ಕೆ 40 ಮಿ.ಮೀ. ಗಾರೆ, ಅದರ ಮೇಲೆ 18 ಮಿ.ಮೀ. ಗ್ರಾನೈಟ್.

ಮೊದಲು ಒಂದು ಚದರ ಮೀಟರಿನ ಭಾರ ತಿಳಿಯಬೇಕು. ದಪ್ಪವನ್ನು ಮೀಟರಿಗೆ ತಿರುಗಿಸಿ ಸಾಮಗ್ರಿಯ ತೂಕದಿಂದ ಗುಣಿಸಿದರೆ ಸಾಕು:

```
ಸ್ಲ್ಯಾಬ್    0.125 m × 25 kN/m³   = 3.13 kN/m²
ಗಾರೆ      0.040 m × 20.4 kN/m³ = 0.82 kN/m²
ಗ್ರಾನೈಟ್   0.018 m × 27 kN/m³   = 0.49 kN/m²
ಒಟ್ಟು                           ≈ 4.43 kN/m²
```

ಅಂದರೆ ಚದರ ಮೀಟರಿಗೆ ಸುಮಾರು 450 ಕಿಲೋ. 125 ಅನ್ನು ಮಿಲಿಮೀಟರಿನಲ್ಲೇ ಬಿಟ್ಟರೆ ಉತ್ತರ ಸಾವಿರ ಪಟ್ಟು ಹಿಗ್ಗುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಬೇರೆ. ನೆಲದ ಹೊದಿಕೆಗೆ ರೂಢಿಯಂತೆ 1 kN/m² ಹಿಡಿದುಬಿಡುತ್ತಾರೆ. ಇಲ್ಲಿ ನಿಜವಾಗಿ ಆಗುವುದು 1.30.

ಇನ್ನು ನಡುವಿನ ಬೀಮ್. ಎರಡೂ ಕಡೆಯಿಂದ ಅರ್ಧರ್ಧ ಕೋಣೆ, ಅಂದರೆ 1.5 + 1.5 = 3 ಮೀಟರ್ ಪಟ್ಟಿ ಅದರ ಪಾಲು. ಈ ಅಳತೆಯನ್ನು ಬೀಮಿನ ನಡುಗೆರೆಯಿಂದ ನಡುಗೆರೆಗೆ ಹಿಡಿಯಬೇಕು, ಗೋಡೆಯ ಮುಖದಿಂದಲ್ಲ.

4.43 kN/m² × 3 m = 13.3 kN/m

ಚದರ ಮೀಟರಿನ ಭಾರವನ್ನು ಅಗಲದಿಂದ ಗುಣಿಸಿದಾಗ ಉದ್ದದ ಪ್ರತಿ ಮೀಟರಿನ ಭಾರ ಸಿಗುತ್ತದೆ. ಏಕಮಾನ kN/m ಆಗಿ ಬಾರದಿದ್ದರೆ ಲೆಕ್ಕದಲ್ಲಿ ಎಲ್ಲೋ ಒಂದು ಅಳತೆ ತಪ್ಪಿದೆ ಎಂದೇ ಅರ್ಥ.

ಬೀಮಿನ ಸ್ವಂತ ತೂಕವನ್ನೂ ಸೇರಿಸಬೇಕು. 230 × 600 ಮಿ.ಮೀ. ಬೀಮಿನ ಮೇಲಿನ 125 ಮಿ.ಮೀ. ಆಗಲೇ ಸ್ಲ್ಯಾಬಿನಲ್ಲಿ ಲೆಕ್ಕಕ್ಕೆ ಬಂದಿದೆ. ಉಳಿದ 475 ಮಿ.ಮೀ. ಮಾತ್ರ: 0.23 × 0.475 × 25 = 2.7 kN/m. ಒಟ್ಟು 16 kN/m.

ಆದರೆ ಅರ್ಧರ್ಧ ಹಂಚುವ ಲೆಕ್ಕಕ್ಕೂ ಒಂದು ಮಿತಿಯಿದೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ಸ್ಲ್ಯಾಬ್ ಎರಡೂ ಕೋಣೆಗೆ ಒಂದೇ ಹಾಸಾಗಿ, ನಡುವಿನ ಬೀಮಿನ ಮೇಲೆ ಮೇಲ್ಗಂಬಿಯೊಡನೆ ಮುಂದುವರಿದಿದ್ದರೆ, ಅದು ಅಂಚಿನಿಂದ ಸ್ವಲ್ಪ ಭಾರವನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಎರಡು ಸಮಾನ ಅಂಕಣಗಳಲ್ಲಿ, ಬೀಮುಗಳು ಬಗ್ಗದ ಆಧಾರವೆಂದು ಹಿಡಿದರೆ, ನಡುವಿನ ಪಾಲು 1.25 ಪಟ್ಟಾಗುತ್ತದೆ: ಸ್ಲ್ಯಾಬಿನಿಂದ 13.3ರ ಬದಲು 16.6, ಬೀಮಿನ ತೂಕ ಸೇರಿ 19.3 kN/m. ಅಂಚಿನ ಬೀಮುಗಳಿಗೆ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾದರೂ, ಅಲ್ಲಿ ಮುರಕಲ್ಲಿನ ಗೋಡೆ ಕೂರುವುದಿದ್ದರೆ ಅದರ ಭಾರವನ್ನು ಬೇರೆಯಾಗಿ ಸೇರಿಸಬೇಕು. ಜನ, ಪೀಠೋಪಕರಣಗಳ ಚರಭಾರವೂ ಇದೇ ಪಟ್ಟಿಯ ಮೇಲೆ ಬರುತ್ತದೆ. 1.5ರ ಸುರಕ್ಷತಾ ಗುಣಕವನ್ನು ಎಲ್ಲ ಕೂಡಿಸಿದ ಮೇಲೆ ಒಮ್ಮೆ ಮಾತ್ರ ಹಾಕಬೇಕು.