ತೂಕ ಏರಿತು, ಸ್ನಾಯು ಏರಿತೇ? ತೋಳಿನ ಒಂದು ಲೆಕ್ಕದ ಹಿನ್ನೆಲೆ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ದುಡಿಯುವ ಒಬ್ಬ ಗಂಡಸನ್ನು ಕಲ್ಪಿಸಿಕೊಳ್ಳಿ. ಕ್ಷಯ ತಗುಲಿ, ಚಿಕಿತ್ಸೆ ಆರಂಭವಾದ ದಿನ ಅವನ ತೂಕ 44 ಕಿಲೋ, ತೋಳಿನ ಸುತ್ತಳತೆ 20.5 ಸೆಂಟಿಮೀಟರ್. ಆರು ತಿಂಗಳ ಮಾತ್ರೆ ಮುಗಿಯುವ ಹೊತ್ತಿಗೆ ತೂಕ 48 ಕಿಲೋ, ಸುತ್ತಳತೆ 22. ಮುಖ ತುಂಬಿಕೊಂಡಿದೆ, ಮನೆಯವರಿಗೆ ನೆಮ್ಮದಿಯಾಗಿದೆ. ಆದರೆ ಅವನು ಮಾತ್ರ, ಗೂಡಿನ ಮೂಟೆ ಎತ್ತಲು ಇನ್ನೂ ಆಗುತ್ತಿಲ್ಲ ಎನ್ನುತ್ತಾನೆ. ಸೋಮಾರಿತನ ಎಂದು ಅವನ ಮಾತನ್ನು ತಳ್ಳಿಹಾಕುವ ಮೊದಲು ಆ ತೋಳಿನ ಮೇಲೆ ಇನ್ನೊಂದು ಅಳತೆ ತೆಗೆಯಬೇಕು. ತೋಳಿನ ಹಿಂಬದಿಯ ಚರ್ಮದ ಮಡಿಕೆ ಎಷ್ಟು ದಪ್ಪವಿದೆ ಎಂಬುದೇ ಆ ಅಳತೆ.

ಟೇಪು ತೋಳಿನ ಸುತ್ತ ಒಂದು ಸುತ್ತು ಬರುತ್ತದೆ. ಒಳಗೆ ಏನಿದೆ ಎಂದು ಅದಕ್ಕೆ ತಿಳಿಯದು. ಅಲ್ಲಿ ನಡುವೆ ಮೂಳೆ, ಅದರ ಸುತ್ತ ಸ್ನಾಯು, ಹೊರಗೆ ಕೊಬ್ಬು ಮತ್ತು ಚರ್ಮ ಇರುತ್ತವೆ. ಸ್ನಾಯು ಕರಗಿ ಕೊಬ್ಬು ಬೆಳೆದರೂ ಸುತ್ತಳತೆ ಅಷ್ಟೇ ಇರಬಹುದು. ಎರಡನ್ನೂ ಬೇರ್ಪಡಿಸುವ ಉಪಾಯವನ್ನು ಜಗತ್ತಿಗೆ ಹರಡಿದವರಲ್ಲಿ ಮಕ್ಕಳ ವೈದ್ಯ ಡೆರಿಕ್ ಜೆಲಿಫ್ ಮುಖ್ಯರು. ಹಳ್ಳಿಹಳ್ಳಿಯಲ್ಲಿ ಅಪೌಷ್ಟಿಕತೆಯನ್ನು ಅಳೆಯುವುದು ಹೇಗೆ ಎಂಬ ಕೈಪಿಡಿಯನ್ನು ಅವರು 1966ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದರು. ಪ್ರಯೋಗಾಲಯ ಬೇಡ, ವಿದ್ಯುತ್ ಬೇಡ, ಒಂದು ಟೇಪು ಮತ್ತು ಮಡಿಕೆಯ ದಪ್ಪ ಅಳೆಯುವ ಇಕ್ಕಳದಂಥ ಒಂದು ಕ್ಯಾಲಿಪರ್ ಸಾಕು ಎಂಬುದೇ ಈ ವಿಧಾನದ ಬಲ.

ಲೆಕ್ಕ ಸರಳ. ತೋಳನ್ನು ದುಂಡನೆಯ ಕಂಬ ಎಂದುಕೊಳ್ಳಿ. ಚಿವುಟಿ ಹಿಡಿದ ಮಡಿಕೆಯಲ್ಲಿ ಕೊಬ್ಬಿನ ಪದರ ಎರಡು ಸಲ ಬರುತ್ತದೆ, ಅಂದರೆ ಮಡಿಕೆಯ ದಪ್ಪದ ಅರ್ಧ ಪದರದ ದಪ್ಪ. ಆ ಪದರವನ್ನು ಸುತ್ತಲೂ ಸುಲಿದುಹಾಕಿದರೆ ಸುತ್ತಳತೆಯಿಂದ ಮಡಿಕೆಯ 3.14 ಪಟ್ಟು ಕಳೆಯುತ್ತದೆ. ಉಳಿದದ್ದು ಸ್ನಾಯುವಿನ ಸುತ್ತಳತೆ. 1973ರಲ್ಲಿ ಗರ್ನಿ ಮತ್ತು ಜೆಲಿಫ್ ಇದನ್ನು ವಿಸ್ತೀರ್ಣವಾಗಿ ಓದಲು ಒಂದು ನಕ್ಷೆ ಪ್ರಕಟಿಸಿದರು. ಎರಡು ಅಳತೆಗಳ ನಡುವೆ ಅಡಿಕೋಲಿಟ್ಟು ಗೆರೆ ಎಳೆದರೆ ಉತ್ತರ ಸಿಗುತ್ತಿತ್ತು. ಕ್ಯಾಲ್ಕುಲೇಟರ್ ಎಲ್ಲರ ಜೇಬಿಗೆ ಬಂದಿರದ ಕಾಲಕ್ಕೆ ಅದು ದೊಡ್ಡ ಅನುಕೂಲ.

```
AMA = (MUAC − π × TSF)² / 4π
```

ಇಲ್ಲಿ MUAC ಎಂದರೆ ತೋಳಿನ ಸುತ್ತಳತೆ, TSF ಎಂದರೆ ಮಡಿಕೆಯ ದಪ್ಪ, AMA ಎಂದರೆ ಸ್ನಾಯುವಿನ ವಿಸ್ತೀರ್ಣ. ಸುತ್ತಳತೆಯನ್ನೇ ಬಿಟ್ಟು ವಿಸ್ತೀರ್ಣಕ್ಕೆ ಏಕೆ ಹೋಗಬೇಕು? ಸ್ನಾಯುವಿನ ಸುತ್ತಳತೆ 20ರಿಂದ 18 ಸೆಂಟಿಮೀಟರಿಗೆ ಇಳಿದರೆ ನಷ್ಟ ನೂರಕ್ಕೆ ಹತ್ತು ಎನಿಸುತ್ತದೆ. ಅದೇ ತೋಳಿನ ವಿಸ್ತೀರ್ಣ 31.8ರಿಂದ 25.8 ಚದರ ಸೆಂಟಿಮೀಟರಿಗೆ ಬಿದ್ದಿರುತ್ತದೆ, ಅಂದರೆ ನೂರಕ್ಕೆ ಹತ್ತೊಂಬತ್ತು. ಸುತ್ತಳತೆ ನಷ್ಟವನ್ನು ಚಿಕ್ಕದು ಮಾಡಿ ತೋರಿಸುತ್ತದೆ.

ಅಮೆರಿಕದ ಫ್ರಿಸಾಂಚೊ 1981ರಲ್ಲಿ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಮಾನದಂಡ ಪಟ್ಟಿಗಳನ್ನು ಕೊಟ್ಟರು. ಅವುಗಳ ಆಧಾರ 1971ರಿಂದ 74ರವರೆಗಿನ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಳೆದ ಬಿಳಿಯರ ತೋಳುಗಳು. ಚಿಕ್ಕಬಳ್ಳಾಪುರದ ತೋಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ‘ಕಡಿಮೆ’ ಎಂದು ಷರಾ ಬರೆಯುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. ಅದೇ ಮನುಷ್ಯನ ಹಿಂದಿನ ಅಳತೆಯೊಂದಿಗೆ ಹೋಲಿಸುವುದೇ ಹೆಚ್ಚು ನ್ಯಾಯ.

ಸೂತ್ರದೊಳಗಿನ ದೊಡ್ಡ ದೋಷ ಹೊರಬಿದ್ದದ್ದು ಸಿ.ಟಿ. ಸ್ಕ್ಯಾನ್ ಬಂದ ಮೇಲೆ. 1982ರಲ್ಲಿ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು ತೋಳಿನ ಅಡ್ಡಸೀಳಿನ ಚಿತ್ರದ ಪಕ್ಕದಲ್ಲಿ ಸೂತ್ರದ ಉತ್ತರವನ್ನು ಇಟ್ಟು ನೋಡಿದರು. ಸೂತ್ರವು ಸ್ನಾಯುವನ್ನು ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರಷ್ಟು ಹೆಚ್ಚು ತೋರಿಸುತ್ತಿತ್ತು. ಸ್ನಾಯು ಅಚ್ಚುಕಟ್ಟಾದ ವೃತ್ತವಾಗಿರಲಿಲ್ಲ, ಮೂಳೆ, ರಕ್ತನಾಳ, ನರಗಳೂ ಸ್ನಾಯುವಿನ ಲೆಕ್ಕದಲ್ಲೇ ಸೇರಿಹೋಗಿದ್ದವು. ಅದಕ್ಕೆ ಅವರು ಗಂಡಸರಿಗೆ 10, ಹೆಂಗಸರಿಗೆ 6.5 ಚದರ ಸೆಂಟಿಮೀಟರ್ ಕಳೆಯುವ ತಿದ್ದುಪಡಿ ಕೊಟ್ಟರು. ತಿದ್ದಿದ ಮೇಲೂ ಒಬ್ಬೊಬ್ಬರ ಲೆಕ್ಕದಲ್ಲಿ ಸರಾಸರಿ ನೂರಕ್ಕೆ ಏಳೆಂಟರಷ್ಟು ವ್ಯತ್ಯಾಸ ಉಳಿಯಿತು. ಈ ತಿದ್ದುಪಡಿ ವಯಸ್ಕರಿಗೆ ಮಾತ್ರ, ಮಕ್ಕಳಿಗೆ ಹಚ್ಚುವಂತಿಲ್ಲ.

ಈಗ ಶಿಡ್ಲಘಟ್ಟದ ತೋಳಿಗೆ ಮರಳೋಣ. ಮೊದಲ ದಿನ ಮಡಿಕೆ 6 ಮಿಲಿಮೀಟರ್ ಇತ್ತೆನ್ನಿ, ಅಂದರೆ 0.6 ಸೆಂಟಿಮೀಟರ್. ಮಡಿಕೆ ಮಿಲಿಮೀಟರಿನಲ್ಲಿ, ಸುತ್ತಳತೆ ಸೆಂಟಿಮೀಟರಿನಲ್ಲಿ ಇರುವುದರಿಂದ ಎಡವುವವರು ಮೊದಲು ಎಡವುವುದೇ ಇಲ್ಲಿ. 20.5ರಿಂದ 1.88 ಕಳೆದರೆ 18.62. ಅದರ ವರ್ಗವನ್ನು 12.57ರಿಂದ ಭಾಗಿಸಿ, ಮೂಳೆಗೆಂದು 10 ಕಳೆದರೆ ಸಿಗುವುದು ಸುಮಾರು 17.6 ಚದರ ಸೆಂಟಿಮೀಟರ್. ಆರು ತಿಂಗಳ ಮೇಲೆ ಮಡಿಕೆ 11 ಮಿಲಿಮೀಟರ್. 22ರಿಂದ 3.45 ಕಳೆದು ಅದೇ ಲೆಕ್ಕ ಮಾಡಿದರೆ 17.4. ತೂಕ ನಾಲ್ಕು ಕಿಲೋ ಏರಿದೆ, ಟೇಪು ಒಂದೂವರೆ ಸೆಂಟಿಮೀಟರ್ ಹಿಗ್ಗಿದೆ, ಆದರೆ ತೋಳಿನ ಸ್ನಾಯು ಇದ್ದಲ್ಲೇ ಇದೆ. ಏರಿದ್ದು ಕೊಬ್ಬು. ಅವನು ಸುಳ್ಳು ಹೇಳುತ್ತಿರಲಿಲ್ಲ.

ಅಂಕಿಗಳನ್ನು ನಾನು ಆರಿಸಿಕೊಂಡಿದ್ದೇನೆ, ಆದರೆ ಸಂಗತಿ ನಿಜವಾದದ್ದು. ಕ್ಷಯದ ಚಿಕಿತ್ಸೆಯ ಕಾಲದಲ್ಲಿ ಏರುವ ತೂಕದ ಬಹುಪಾಲು ಕೊಬ್ಬೇ ಎಂದು 2004ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ಕ್ಷಯರೋಗಿಗೆ ಆಹಾರಕ್ಕೆಂದು 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000 ರೂಪಾಯಿ ನೇರವಾಗಿ ಖಾತೆಗೆ ಬರುತ್ತದೆ. ಆ ಹಣ ಮುದ್ದೆ, ಅನ್ನದ ಜೊತೆಗೆ ಕಾಳು, ಮೊಟ್ಟೆ, ಹಾಲಿಗೂ ಹೋಯಿತೇ, ಅದು ಸ್ನಾಯುವಾಯಿತೇ ಎಂಬ ಪ್ರಶ್ನೆಗೆ ತೂಕದ ಯಂತ್ರದಲ್ಲಿ ಉತ್ತರವಿಲ್ಲ.

ಅಳೆಯುವುದರಲ್ಲೇ ಇರುವುದು ಕಷ್ಟವೆಲ್ಲ. ಮೊಣಕೈಯನ್ನು ಮಡಿಸಿ, ಭುಜದ ತುದಿಯ ಮೂಳೆಯಿಂದ ಮೊಣಕೈಯ ಗಂಟಿನವರೆಗೆ ಟೇಪು ಹಿಡಿದು ನಟ್ಟನಡುವೆ ಪೆನ್ನಿನ ಗುರುತು ಹಾಕಬೇಕು. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಡಿಸಿ ಸುತ್ತಳತೆ ತೆಗೆಯಬೇಕು. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಮಡಿಕೆಯನ್ನು ತೋಳಿನ ಹಿಂಬದಿಯಲ್ಲಿ, ಗುರುತಿಗಿಂತ ಒಂದು ಸೆಂಟಿಮೀಟರ್ ಮೇಲೆ ಎತ್ತಿ ಹಿಡಿದು, ಕ್ಯಾಲಿಪರನ್ನು ಗುರುತಿನ ಮೇಲೆ ಕೂರಿಸಿ, ಎರಡು ಮೂರು ಸೆಕೆಂಡಿನೊಳಗೆ ಓದಬೇಕು. ತಡಮಾಡಿದರೆ ಕೊಬ್ಬು ಅಮುಕಿ ಮುಳ್ಳು ಇಳಿಯುತ್ತಾ ಹೋಗುತ್ತದೆ. ಹಿಡಿತದಲ್ಲಿ ಸ್ನಾಯು ಸಿಕ್ಕಿದೆಯೇ ಎಂಬ ಅನುಮಾನ ಬಂದರೆ, ಕೈ ಬಿಗಿ ಮಾಡಲು ಹೇಳಿ. ಸ್ನಾಯು ಬೆರಳಿನಿಂದ ಜಾರಿಕೊಳ್ಳುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಬೇಕು.

ಪ್ರತಿ ಸಲವೂ ಅದೇ ತೋಳು ಇರಲಿ. ವರ್ಷಗಟ್ಟಲೆ ಚರಕ ತಿರುಗಿಸಿದವರ ಬಲಗೈಯನ್ನೇ ನಂಬಿ ಇಡೀ ಮೈಯ ಸ್ನಾಯುವನ್ನು ಊಹಿಸಿದರೆ, ಸೊರಗಿದ ತೊಡೆಯ ಸುದ್ದಿ ತಪ್ಪಿಹೋಗಬಹುದು. ಬಾವು ಬಂದ ತೋಳಿನಲ್ಲಿ ನೀರು ಸ್ನಾಯುವಿನ ಲೆಕ್ಕಕ್ಕೆ ಸೇರುತ್ತದೆ. ತೀರಾ ದಪ್ಪನೆಯ ತೋಳಿನಲ್ಲಿ ಮಡಿಕೆ ಕ್ಯಾಲಿಪರಿಗೆ ಸರಿಯಾಗಿ ಸಿಗುವುದೇ ಇಲ್ಲ.

ಅದೇ ಮನುಷ್ಯ ಎರಡು ತಿಂಗಳ ಮೇಲೆ ಮತ್ತೆ ಬರುತ್ತಾನೆ ಎನ್ನೋಣ. ತೂಕ 48, ಸುತ್ತಳತೆ 22, ಎರಡೂ ಬದಲಾಗಿಲ್ಲ. ಮಡಿಕೆ 11ರಿಂದ 9 ಮಿಲಿಮೀಟರಿಗೆ ಇಳಿದಿದೆ. ಲೆಕ್ಕ ಹಾಕಿದರೆ ಸ್ನಾಯು 19.3, ಅಂದರೆ ಹೆಚ್ಚುಕಡಿಮೆ 1.9 ಚದರ ಸೆಂಟಿಮೀಟರ್ ಬೆಳೆದಿದೆ. ಸಂತೋಷಪಡಬಹುದು, ಆದರೆ ಈ ಸಂತೋಷವೆಲ್ಲ ನಿಂತಿರುವುದು ಎರಡು ಮಿಲಿಮೀಟರಿನ ಮೇಲೆ. ಕಳೆದ ಸಲ ಬೇರೊಬ್ಬರು ಮಡಿಕೆಯನ್ನು ಸ್ವಲ್ಪ ದಪ್ಪವಾಗಿ ಹಿಡಿದಿದ್ದರೂ ಇಷ್ಟೇ ವ್ಯತ್ಯಾಸ ಬರುತ್ತಿತ್ತು. ಹಾಗಾಗಿ ರೋಗಿಯ ಚೀಟಿಯಲ್ಲಿ ಮೂರು ಅಂಕಿಗಳ ಪಕ್ಕದಲ್ಲಿ ಯಾವ ತೋಳು, ಯಾವ ಕ್ಯಾಲಿಪರ್, ಅಳೆದವರು ಯಾರು ಎಂಬುದನ್ನೂ ಬರೆಯಬೇಕು. ಮುಂದಿನ ಸಲ ಅದೇ ಕೈ ಅಳೆದಾಗಲೂ 9 ಬಂದರೆ, ಆಗ ಅವನಿಗೆ ಹೇಳಬಹುದು: ಮೂಟೆ ಎತ್ತುವ ಶಕ್ತಿ ಮರಳುತ್ತಿದೆ.